ಕಾಫಿ ಪುಡಿ ಕೊಳ್ಳಲು ಪಾಸ್‌ವರ್ಡ್ ಏಕೆ?

ಮಡಿಕೇರಿಯ ಪೇಟೆಯಲ್ಲಿ ಕಾಫಿ ಪುಡಿ ಕೊಳ್ಳಲು ಹೋದರೆ ಅಂಗಡಿಯವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಬೇಕು, ಚಿಕೋರಿ ಎಷ್ಟು ಹಾಕಲಿ? ಅದೇ ಅಂಗಡಿ ಜಾಲತಾಣ ತೆರೆದ ಕೂಡಲೇ ಅದರ ಸ್ವಭಾವ ಬದಲಾಗುತ್ತದೆ. ಮೊದಲ ಹೆಸರು, ಕೊನೆಯ ಹೆಸರು, ಕಂಪನಿಯ ಹೆಸರು, ದೇಶ, ರಸ್ತೆ, ಫ್ಲ್ಯಾಟ್ ಸಂಖ್ಯೆ, ಊರು, ರಾಜ್ಯ ಎಂದು ಕೇಳುತ್ತಾ ಹೋಗಿ, ಕೊನೆಗೆ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರುವ ಪಾಸ್‌ವರ್ಡ್ ಬೇಕು ಎಂದು ಹಟ ಹಿಡಿಯುತ್ತದೆ. ಅರ್ಧ ಕಿಲೋ ಪುಡಿಗೆ ಇಷ್ಟು ವಿಚಾರಣೆ.

ಸಣ್ಣ ವ್ಯಾಪಾರಿಗಳಿಗೆ ಜಾಲತಾಣ ಮಾಡಿಕೊಡುವುದು ನನ್ನ ವೃತ್ತಿ. ಕಾಫಿ ಪುಡಿ, ಕರಿಮೆಣಸು, ಜೇನು, ಕಾಚಂಪುಳಿ ಮಾರುವ ಒಂದು ಅಂಗಡಿಯವರು ಕಳೆದ ಮಳೆಗಾಲದಲ್ಲಿ ನನ್ನನ್ನು ಕರೆದು, ‘ಜನ ಬುಟ್ಟಿ ತುಂಬಿಸುತ್ತಾರೆ, ಹಣ ಕೊಡುವ ಹೊತ್ತಿಗೆ ಮಾಯವಾಗುತ್ತಾರೆ, ಏನಾದರೂ ಮಾಡಿ’ ಎಂದರು. ಜಾಹೀರಾತು ಹೆಚ್ಚಿಸಬೇಕೆಂಬುದು ಅವರ ಅಂದಾಜಾಗಿತ್ತು. ನಾನು ಮೊದಲು ಮಾಡಿದ್ದು, ನನ್ನದೇ ಮೊಬೈಲಿನಲ್ಲಿ ಒಂದು ಪೊಟ್ಟಣ ಪುಡಿ ತರಿಸಲು ಹೊರಟು ಖಾನೆಗಳನ್ನು ಎಣಿಸಿದ್ದು.

ಅವರ ತಾಣ ಆನ್‌ಲೈನ್ ಅಂಗಡಿ ನಡೆಸಲು ಬಳಸುವ ವೂಕಾಮರ್ಸ್ ಎಂಬ ತಂತ್ರಾಂಶದಲ್ಲಿತ್ತು. ಅದರ ಹಳೆಯ ಮಾದರಿಯ ಚೆಕ್‌ಔಟ್ ಪುಟದಲ್ಲಿ ಬಿಲ್ಲಿಂಗ್ ವಿಭಾಗಕ್ಕೇ 11 ಖಾನೆಗಳಿರುತ್ತವೆ. ಖಾತೆ ತೆರೆಯಲು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್, ಜೊತೆಗೆ ಟಿಪ್ಪಣಿ ಬರೆಯುವ ಒಂದು ಖಾನೆ ಸೇರಿದರೆ 14. ಬೇರೆ ವಿಳಾಸಕ್ಕೆ ಕಳುಹಿಸಬೇಕೆಂದು ಗುರುತು ಹಾಕಿದರೆ ಇನ್ನೂ 9 ತೆರೆದುಕೊಂಡು ಒಟ್ಟು 23 ಆಗುತ್ತದೆ. ಬೆಂಗಳೂರಿನಲ್ಲಿರುವ ಮಗಳು ಊರಿನ ಅಮ್ಮನಿಗೆ ಜೇನು ಕಳುಹಿಸಬೇಕೆಂದರೆ 23 ಖಾನೆ. ಇವನ್ನೆಲ್ಲ ಯಾರೋ ಯೋಚಿಸಿ ಇಟ್ಟದ್ದಲ್ಲ. ತಂತ್ರಾಂಶದ ಜೊತೆ ಬಂದದ್ದು ಹಾಗೇ ಉಳಿದಿತ್ತು.

ಖರೀದಿಯ ಕೊನೆಯ ಹಂತದ ಇಂಥ ಅಡೆತಡೆಗಳ ಮೇಲೆ ವರ್ಷಗಳಿಂದ ಅಧ್ಯಯನ ನಡೆಸುತ್ತಿರುವ ಡೆನ್ಮಾರ್ಕ್‌ನ ಬೇಮಾರ್ಡ್ ಸಂಸ್ಥೆಯ ಲೆಕ್ಕದಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ತುಂಬಿದ ಬುಟ್ಟಿಗಳ ಪೈಕಿ ಸರಾಸರಿ ಶೇ 70ರಷ್ಟು ಹಾಗೆಯೇ ಉಳಿಯುತ್ತವೆ. ಈ ಸಂಖ್ಯೆ ಕೇಳಿ ಗಾಬರಿಯಾಗುವುದು ಬೇಡ. ಸುಮ್ಮನೆ ಬೆಲೆ ನೋಡಲು ಬಂದವರೂ ಅದರಲ್ಲಿ ಸೇರಿದ್ದಾರೆ. ಅವರನ್ನು ಯಾವ ಫಾರಂ ತಿದ್ದಿದರೂ ಹಿಡಿದು ನಿಲ್ಲಿಸಲಾಗದು. ನಮಗೆ ಬೇಕಾದವರು ಕೊಳ್ಳಲೆಂದೇ ಬಂದು, ನಮ್ಮ ಪ್ರಶ್ನೆಗಳ ಕಾಟಕ್ಕೆ ಎದ್ದು ಹೋದವರು.

ಅವರನ್ನು ಗಮನದಲ್ಲಿಟ್ಟುಕೊಂಡು ಪ್ರತಿ ಖಾನೆಗೂ ಒಂದೇ ಪರೀಕ್ಷೆ ಒಡ್ಡಿದೆ: ಈ ಉತ್ತರ ಪೊಟ್ಟಣ ತಲುಪಿಸುವವನಿಗೆ ಬೇಕೇ, ಅಥವಾ ಹಣ ಬರಲು ಬೇಕೇ? ಎರಡಕ್ಕೂ ಬೇಡವೆಂದಾದರೆ ಅದು ಆ ಪುಟದಲ್ಲಿ ಇರಬಾರದು.

ಬಾಗಿಲಲ್ಲೇ ನಿಲ್ಲಿಸುವ ಖಾತೆ

ಮೊದಲು ಬಿದ್ದದ್ದು ಖಾತೆ. ಈ ವಿಷಯದಲ್ಲಿ ಪ್ರಸಿದ್ಧವಾದ ಒಂದು ಪ್ರಕರಣವನ್ನು ಅಮೆರಿಕದ ಬಳಕೆ-ವಿನ್ಯಾಸ ತಜ್ಞ ಜೇರೆಡ್ ಸ್ಪೂಲ್ 2009ರಲ್ಲಿ ಬರೆದಿದ್ದರು. ಒಂದು ದೊಡ್ಡ ಚಿಲ್ಲರೆ ಮಾರಾಟ ಕಂಪನಿಯ ತಾಣದಲ್ಲಿ ಹಣ ಕೊಡುವ ಮೊದಲು ಎರಡು ಬಟನ್ ಬರುತ್ತಿದ್ದವು: ಒಂದು ಲಾಗಿನ್ ಆಗಲು, ಇನ್ನೊಂದು ನೋಂದಾಯಿಸಿಕೊಳ್ಳಲು. ಹಳೆಯ ಗ್ರಾಹಕರಿಗೆ ಇದರಿಂದ ಅನುಕೂಲ ಎಂದು ಕಂಪನಿ ನಂಬಿತ್ತು. ಗ್ರಾಹಕರು ಕೊಳ್ಳುವುದನ್ನು ಪಕ್ಕದಲ್ಲಿ ಕೂತು ನೋಡಿದಾಗ, ಹೊಸಬರು ‘ನಾನು ಇಲ್ಲಿ ಸಂಬಂಧ ಬೆಳೆಸಲು ಬಂದಿಲ್ಲ, ಸಾಮಾನು ಕೊಳ್ಳಲು ಬಂದಿದ್ದೇನೆ’ ಎಂಬ ಅರ್ಥದ ಮಾತಾಡುತ್ತಿದ್ದರು. ಹಳಬರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಯಾವ ಇಮೇಲ್ ಕೊಟ್ಟಿದ್ದೆವೆಂದು ನೆನಪಿಲ್ಲದೆ ಮತ್ತೆ ಮತ್ತೆ ನೋಂದಾಯಿಸಿಕೊಂಡಿದ್ದರು. ಶೇ 45ರಷ್ಟು ಗ್ರಾಹಕರಿಗೆ ಒಂದಕ್ಕಿಂತ ಹೆಚ್ಚು ಖಾತೆಗಳಿದ್ದವು. ದಿನಕ್ಕೆ ಸುಮಾರು 1,60,000 ಮಂದಿ ಮರೆತ ಪಾಸ್‌ವರ್ಡ್ ಕೇಳುತ್ತಿದ್ದರು, ಅವರಲ್ಲಿ ಮುಕ್ಕಾಲು ಪಾಲು ಜನ ಖರೀದಿಯನ್ನು ಮುಂದುವರಿಸುತ್ತಲೇ ಇರಲಿಲ್ಲ. ನೋಂದಣಿಯ ಬಟನ್ ತೆಗೆದು ಅಲ್ಲಿ ‘ಮುಂದುವರಿಯಿರಿ’ ಎಂಬ ಬಟನ್ ಇಟ್ಟು, ಕೊಳ್ಳಲು ಖಾತೆ ಬೇಕಿಲ್ಲ ಎಂದು ಒಂದು ಸಾಲು ಬರೆದದ್ದಕ್ಕೆ ಖರೀದಿ ಮುಗಿಸುವವರ ಸಂಖ್ಯೆ ಶೇ 45ರಷ್ಟು ಏರಿತು; ಮೊದಲ ವರ್ಷದ ಹೆಚ್ಚುವರಿ ಮಾರಾಟ 30 ಕೋಟಿ ಡಾಲರ್.

ನಮ್ಮ ಅಂಗಡಿಗೆ ಡಾಲರುಗಳ ಆ ಲೆಕ್ಕ ಹೊಂದುವುದಿಲ್ಲ, ಆದರೆ ಆ ಲಕ್ಷಣಗಳು ಹೊಂದುತ್ತವೆ. ಗ್ರಾಹಕರ ಪಟ್ಟಿಯನ್ನು ಮೊಬೈಲ್ ಸಂಖ್ಯೆಯ ಪ್ರಕಾರ ವಿಂಗಡಿಸಿ ನೋಡಿ. ಒಂದೇ ಸಂಖ್ಯೆಯ ಕೆಳಗೆ ಎರಡು ಮೂರು ಖಾತೆಗಳು ಸಿಕ್ಕರೆ, ಪಾಸ್‌ವರ್ಡ್ ಮರೆತವರು ಹೊಸಬರಾಗಿ ಬಂದಿದ್ದಾರೆ ಎಂದರ್ಥ. ಮರೆತು, ಮರಳಿ ಬಾರದೆ ಹೋದವರು ಆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ.

ಅತಿಥಿಯಾಗಿ ಕೊಳ್ಳುವ ದಾರಿ ತೆರೆಯುವುದು ತಾಂತ್ರಿಕವಾಗಿ ಒಂದು ಗುರುತು ಹಾಕುವಷ್ಟೇ ಕೆಲಸ. ವೂಕಾಮರ್ಸ್‌ನಲ್ಲಿ Accounts & Privacy ಎಂಬ ಪುಟದಲ್ಲಿ ಆ ಆಯ್ಕೆ ಇದೆ. ಎಡವುವುದು ಬೇರೆ ಕಡೆ. ಎಷ್ಟೋ ತಾಣಗಳಲ್ಲಿ ಲಾಗಿನ್ ಪೆಟ್ಟಿಗೆಯನ್ನು ದೊಡ್ಡದಾಗಿ ಇಟ್ಟು, ಅತಿಥಿಯಾಗಿ ಮುಂದುವರಿಯುವ ಕೊಂಡಿಯನ್ನು ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಅಡಗಿಸಿರುತ್ತಾರೆ. ಮೊಬೈಲಿನಲ್ಲಿ ಕೀಬೋರ್ಡ್ ಎದ್ದ ಕೂಡಲೇ ಆ ಕೊಂಡಿ ಪರದೆಯಿಂದ ಕೆಳಗೆ ಹೋಗುತ್ತದೆ. ದಾರಿ ಇದೆ, ಕಾಣುವುದಿಲ್ಲ. ನಾನು ತಿರುಗಿಸಿ ಇಟ್ಟೆ: ಚೆಕ್‌ಔಟ್ ಒತ್ತಿದರೆ ನೇರವಾಗಿ ವಿಳಾಸದ ಪುಟ, ಖಾತೆ ಇರುವವರಿಗೆ ಮೇಲೆ ಒಂದು ಸಾಲಿನ ಲಾಗಿನ್ ಕೊಂಡಿ.

ಇನ್ನೊಂದು ಮರೆಮಾಚಿದ ನೋಂದಣಿಯೂ ಇದೆ. ಪಾಸ್‌ವರ್ಡ್ ಬೇಡ, ಮೊಬೈಲಿಗೆ ಒಟಿಪಿ ಬರುತ್ತದೆ, ಅದನ್ನು ಹಾಕಿದರೆ ಮಾತ್ರ ಮುಂದಿನ ಪುಟ ಎನ್ನುವ ಪದ್ಧತಿ. ನಗರದಲ್ಲಿ ಕೂತವರಿಗೆ ಇದು ಐದು ಸೆಕೆಂಡಿನ ಕೆಲಸ. ಕೊಡಗಿನ ತೋಟದ ಮನೆಗಳಲ್ಲಿ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವುದು, ಒಳಗೆ ವೈಫೈ ಇದ್ದರೂ ಸಂದೇಶ ಬರಲು ಅಂಗಳಕ್ಕೆ ಇಳಿಯಬೇಕಾಗುವುದು ಹೊಸತಲ್ಲ. ಜುಲೈ ತಿಂಗಳ ಮಳೆಯಲ್ಲಿ ಒಟಿಪಿಗಾಗಿ ಅಂಗಳಕ್ಕಿಳಿದವರು ಮರಳಿ ಬಂದು ಹಾಕುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಹಣ ಕೊಡುವಾಗ ಬ್ಯಾಂಕ್ ಕೇಳುವ ಒಟಿಪಿ ತಪ್ಪಿಸುವಂತಿಲ್ಲ. ಅದಕ್ಕೂ ಮೊದಲು ನಾವೇ ಇನ್ನೊಂದನ್ನು ಕೇಳುವುದು ಅನಗತ್ಯ.

ಖಾತೆಯಿಂದ ಅಂಗಡಿಯವರಿಗೆ ಲಾಭವೇ ಇಲ್ಲವೆಂದಲ್ಲ. ಮರಳಿ ಬಂದವರಿಗೆ ವಿಳಾಸ ಮತ್ತೆ ಬರೆಯುವ ಕಷ್ಟ ತಪ್ಪುತ್ತದೆ. ಆದರೆ ಖಾತೆ ತೆರೆಯುವಂತೆ ಕೇಳಲು ಸರಿಯಾದ ಜಾಗ ಧನ್ಯವಾದ ಹೇಳುವ ಪುಟ. ಹೆಸರು, ವಿಳಾಸ, ಮೊಬೈಲ್ ಎಲ್ಲವೂ ಆಗಲೇ ನಮ್ಮ ಬಳಿ ಇರುತ್ತವೆ. ‘ಮುಂದಿನ ಸಲಕ್ಕೆ ಇದನ್ನು ಉಳಿಸಿಕೊಳ್ಳಲೇ’ ಎಂದು ಒಂದು ಬಟನ್ ಇಟ್ಟರೆ ಸಾಕು. ಮಾರಾಟ ಮುಗಿದಿರುವುದರಿಂದ ಬೇಡವೆಂದವರಿಂದ ನಷ್ಟವೂ ಇಲ್ಲ.

ಅತಿಥಿಗಳ ವಿಷಯದಲ್ಲಿ ಎರಡು ಎಚ್ಚರಿಕೆ ಬೇಕು. ಅವರನ್ನು ತಲುಪಲು ನಮಗಿರುವ ಎಳೆ ಮೊಬೈಲ್ ಸಂಖ್ಯೆ ಒಂದೇ. ಅದರಲ್ಲಿ ಒಂದು ಅಂಕಿ ತಪ್ಪಿದರೆ ಗ್ರಾಹಕರೂ ಕಳೆದರು, ಪೊಟ್ಟಣವೂ ಕಳೆಯಿತು. ಹಾಗಾಗಿ ಹಣ ಕೊಡುವ ಬಟನ್ನಿನ ಮೇಲೆಯೇ ಸಂಖ್ಯೆಯನ್ನು ಐದೈದು ಅಂಕಿಗಳಾಗಿ ಬಿಡಿಸಿ ತೋರಿಸಬೇಕು. ಎರಡನೆಯದು, ಆರ್ಡರ್ ಎಲ್ಲಿದೆ ಎಂದು ನೋಡುವ ಪುಟ. ಬರೀ ಆರ್ಡರ್ ಸಂಖ್ಯೆ ಹಾಕಿದರೆ ತೆರೆದುಕೊಳ್ಳುವಂತಿದ್ದರೆ, 1047ರ ಬದಲು 1048 ಹಾಕಿದ ಯಾರಿಗಾದರೂ ಪಕ್ಕದವರ ಮನೆ ವಿಳಾಸ ಸಿಗುತ್ತದೆ. ಆರ್ಡರ್ ಸಂಖ್ಯೆಯ ಜೊತೆ ಮೊಬೈಲ್ ಸಂಖ್ಯೆಯನ್ನೂ ಕೇಳಬೇಕು.

ರಸ್ತೆ ಇಲ್ಲದ ಊರಿನ ವಿಳಾಸ

ಹಳೆಯ ಆರ್ಡರ್‌ಗಳ ಪಟ್ಟಿಯನ್ನು ತೆರೆದು ವಿಳಾಸಗಳನ್ನು ಓದಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ರಸ್ತೆಯ ಖಾನೆಯಲ್ಲಿ ಒಂದು ಚುಕ್ಕಿ. ಫ್ಲ್ಯಾಟ್ ಸಂಖ್ಯೆಯಲ್ಲಿ ‘ಇಲ್ಲ’. ಕೊನೆಯ ಹೆಸರಿನಲ್ಲಿ ಬರೀ ಒಂದು ಇನಿಷಿಯಲ್. ನಿಜವಾದ ವಿಳಾಸ ಇದ್ದದ್ದು ಕೆಳಗಿನ ಟಿಪ್ಪಣಿಯ ಖಾನೆಯಲ್ಲಿ: ಯಾವ ಎಸ್ಟೇಟು, ಯಾವ ತಿರುವು, ಯಾವ ಅಂಗಡಿಯಲ್ಲಿ ಕೇಳಿದರೆ ಹೇಳುತ್ತಾರೆ ಎಂದೆಲ್ಲ. ಕಡ್ಡಾಯ ಖಾನೆಗಳಲ್ಲಿ ಕಸ, ಐಚ್ಛಿಕ ಖಾನೆಯಲ್ಲಿ ಮಾಹಿತಿ. ಫಾರಂ ತಪ್ಪಾಗಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಹೆಸರಿನಿಂದಲೇ ಶುರು ಮಾಡೋಣ. ಮೊದಲ ಹೆಸರು, ಕೊನೆಯ ಹೆಸರು ಎಂಬ ವಿಂಗಡಣೆಯಲ್ಲಿ ಕೊನೆಗೆ ಬರುವುದು ಮನೆತನದ ಹೆಸರು ಎಂಬ ಊಹೆ ಇದೆ. ಕೊಡವರಲ್ಲಿ ಅದು ತಲೆಕೆಳಗು. ಫೀಲ್ಡ್ ಮಾರ್ಷಲ್ ಕೋದಂಡೇರ ಮಾದಪ್ಪ ಕಾರ್ಯಪ್ಪ ಅವರ ಹೆಸರನ್ನೇ ನೋಡಿ: ಮನೆತನ ಮೊದಲು, ತಂದೆ ನಡುವೆ, ಸ್ವಂತ ಹೆಸರು ಕೊನೆಗೆ. ಈ ಫಾರಂ ತುಂಬಿಸಿದ್ದರೆ ಅವರಿಗೆ ‘ಪ್ರಿಯ ಕೋದಂಡೇರ’ ಎಂಬ ಸಂದೇಶ ಹೋಗುತ್ತಿತ್ತು. ಕರ್ನಾಟಕದ ಇತರ ಕಡೆಗಳಲ್ಲಿ ಎಷ್ಟೋ ಜನರಿಗೆ ಇನಿಷಿಯಲ್ ಬಿಟ್ಟರೆ ಕೊನೆಯ ಹೆಸರೇ ಇಲ್ಲ. ‘ಪೂರ್ಣ ಹೆಸರು’ ಎಂಬ ಒಂದೇ ಖಾನೆ ಇಟ್ಟರೆ ಈ ಜಗಳವೇ ಇಲ್ಲ. ಪೊಟ್ಟಣದ ಮೇಲೆ ಅಂಟಿಸುವ ಚೀಟಿಗೂ ಬೇಕಾದದ್ದು ಅದೇ.

ಬಿಲ್ಲಿಂಗ್ ವಿಳಾಸ ಬೇರೆ ಕೇಳುವ ಅಭ್ಯಾಸ ಬಂದದ್ದು ಹೊರಗಿನಿಂದ. ಅಮೆರಿಕ, ಬ್ರಿಟನ್‌ಗಳಲ್ಲಿ ಕಾರ್ಡಿನ ಹಣ ಪಡೆಯುವಾಗ ಗ್ರಾಹಕರು ಬರೆದ ವಿಳಾಸವನ್ನು ಬ್ಯಾಂಕಿನಲ್ಲಿರುವ ವಿಳಾಸದ ಜೊತೆ ತಾಳೆ ನೋಡುವ ವ್ಯವಸ್ಥೆ ಇದೆ. ನಮ್ಮ ದೇಶದ ಕಾರ್ಡುಗಳಿಗೆ ಆ ಕೆಲಸವನ್ನು ಒಟಿಪಿ ಮಾಡುತ್ತದೆ. ವ್ಯಾಪಾರಿಗಳಿಗೆ ಜಿಎಸ್‌ಟಿ ಸಂಖ್ಯೆ ಸಹಿತ ಬಿಲ್ ಬೇಕಾದರೆ ಅದಕ್ಕೆ ಒಂದು ಗುರುತಿನ ಪೆಟ್ಟಿಗೆ ಇಟ್ಟು, ಒತ್ತಿದವರಿಗೆ ಮಾತ್ರ ಆ ಖಾನೆ ತೋರಿಸಿದರಾಯಿತು.

ಉಳಿದದ್ದರಲ್ಲಿ ರಾಜನ ಸ್ಥಾನ ಪಿನ್ ಕೋಡಿಗೆ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಜಾರಿಗೆ ತಂದ ಈ ಆರು ಅಂಕಿಗಳಲ್ಲಿ ಮೊದಲನೆಯದು ವಲಯ, ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಮಡಿಕೇರಿಗೆ 571201, ವಿರಾಜಪೇಟೆಗೆ 571218, ಕುಶಾಲನಗರಕ್ಕೆ 571234. ಈ ಆರು ಅಂಕಿ ಸಿಕ್ಕರೆ ದೇಶ, ರಾಜ್ಯ, ಜಿಲ್ಲೆ ಮೂರನ್ನೂ ಕೇಳಬೇಕಿಲ್ಲ. ಜೊತೆಗೆ ಕೊರಿಯರ್ ಅಲ್ಲಿಗೆ ಹೋಗುತ್ತದೆಯೇ, ಸಾಗಣೆ ಎಷ್ಟು, ಅಲ್ಲಿ ನಗದು ಪಡೆದು ಕೊಡುವ ಸೌಲಭ್ಯ ಇದೆಯೇ ಎಂಬುದೂ ಅದರಿಂದಲೇ ತಿಳಿಯುತ್ತದೆ. ಆದ್ದರಿಂದ ಪಿನ್ ಅನ್ನು ವಿಳಾಸದ ತುದಿಯಲ್ಲಿ ಕೇಳುವುದು ಬಿಟ್ಟು ಎಲ್ಲಕ್ಕಿಂತ ಮೊದಲು, ಬುಟ್ಟಿಯ ಪುಟದಲ್ಲೇ ಕೇಳಿದೆ. ಸಾಗಣೆ ಸೇರಿದ ಒಟ್ಟು ಮೊತ್ತ ಅಲ್ಲೇ ಕಾಣಿಸುತ್ತದೆ, ಮುಂದಿನ ಪುಟಕ್ಕೆ ಪಿನ್ ತಾನಾಗಿ ಹೋಗುತ್ತದೆ.

ಪಿನ್‌ನಿಂದ ಊರು ತುಂಬಿಸುವಾಗ ಎರಡು ಹಳ್ಳಗಳಿವೆ. ಮೊದಲ ಮೂರು ಅಂಕಿಗಳನ್ನಷ್ಟೇ ನೋಡಿ ಜಿಲ್ಲೆ ತೀರ್ಮಾನಿಸಬಾರದು. 571 ಎಂಬುದು ಕೊಡಗಿಗೂ ಇದೆ, ಮಂಡ್ಯ, ಮೈಸೂರು, ಚಾಮರಾಜನಗರ ಜಿಲ್ಲೆಗಳಿಗೂ ಇದೆ. ಆರೂ ಅಂಕಿಗಳನ್ನು ಪಟ್ಟಿಯಲ್ಲಿ ಹುಡುಕಬೇಕು. ದೇಶದ ಪಿನ್ ಕೋಡುಗಳ ಪಟ್ಟಿ ಸರ್ಕಾರದ ಮುಕ್ತ ದತ್ತಾಂಶ ತಾಣ data.gov.in ನಲ್ಲಿ ಸಿಗುತ್ತದೆ. ಇನ್ನು, ಒಂದೇ ಪಿನ್ ಕೆಳಗೆ ಹಲವು ಶಾಖಾ ಅಂಚೆ ಕಚೇರಿಗಳಿರುತ್ತವೆ. ನಾವೇ ಒಂದು ಊರನ್ನು ತುಂಬಿಸಿ ಬೀಗ ಹಾಕಿದರೆ ಹಳ್ಳಿಯವರ ಪೊಟ್ಟಣವೆಲ್ಲ ಪಟ್ಟಣದ ಹೆಸರಿನಲ್ಲಿ ಹೋಗುತ್ತದೆ. ಆ ಪಿನ್‌ನ ಕಚೇರಿಗಳ ಹೆಸರನ್ನು ಪಟ್ಟಿಯಾಗಿ ತೋರಿಸಿ ಆರಿಸಿಕೊಳ್ಳಲು ಬಿಡಬೇಕು, ತಮ್ಮದು ಕಾಣದವರಿಗೆ ಬರೆಯಲು ಜಾಗವಿರಬೇಕು. ತಾಲ್ಲೂಕನ್ನು ಮಾತ್ರ ಕೇಳಲೇಬಾರದು. ಕುಶಾಲನಗರ, ಪೊನ್ನಂಪೇಟೆ ಹೊಸ ತಾಲ್ಲೂಕುಗಳಾದ ಮೇಲೂ ಹಳೆಯ ಪಟ್ಟಿಗಳಲ್ಲಿ ಮೂರೇ ತಾಲ್ಲೂಕುಗಳಿರುತ್ತವೆ. ಪೊನ್ನಂಪೇಟೆಯವರು ತಮ್ಮ ತಾಲ್ಲೂಕನ್ನು ಹುಡುಕುತ್ತಾ ಕೂರಬೇಕಾಗುತ್ತದೆ, ಅತ್ತ ಕೊರಿಯರಿನವನಿಗೆ ಅದು ಬೇಕಾಗಿಯೇ ಇಲ್ಲ.

ಕೊನೆಗೆ ಉಳಿದದ್ದು ಐದು ಕಡ್ಡಾಯ ಖಾನೆ: ಪಿನ್, ಊರು ಅಥವಾ ಅಂಚೆ, ಮನೆ ಅಥವಾ ಎಸ್ಟೇಟ್ ಇರುವ ವಿಳಾಸ, ಪೂರ್ಣ ಹೆಸರು, ಮೊಬೈಲ್. ಐಚ್ಛಿಕವಾಗಿ ಹತ್ತಿರದ ಗುರುತು ಒಂದು, ಇಮೇಲ್ ಒಂದು. ಗುರುತಿನ ಖಾನೆಗೆ ‘ಮನೆ ತನಕ ದಾರಿ ಹೇಗೆ? ಮನೆಯಲ್ಲಿ ಇಲ್ಲದಿದ್ದರೆ ಪೇಟೆಯಲ್ಲಿ ಯಾರ ಬಳಿ ಕೊಡಬಹುದು?’ ಎಂದು ಶೀರ್ಷಿಕೆ ಕೊಟ್ಟೆ. ತೋಟದೊಳಗೆ ಎರಡು ಕಿಲೋಮೀಟರ್ ಬರಲು ಒಪ್ಪದ ಕೊರಿಯರಿನವರು ಪೇಟೆಯ ಪರಿಚಿತ ಅಂಗಡಿಯಲ್ಲಿ ಬಿಟ್ಟು ಹೋಗುವುದು ಇಲ್ಲಿನ ವಾಡಿಕೆ. ಫಾರಂ ಆ ವಾಡಿಕೆಯನ್ನು ಒಪ್ಪಿಕೊಂಡಿತು, ಅಷ್ಟೇ.

ಖಾನೆಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಅವು ಹೇಗೆ ವರ್ತಿಸುತ್ತವೆ ಎಂಬುದು. ಕೆಳಗಿನ ಎರಡು ಖಾನೆಗಳ ಕೋಡ್ ನೋಡಿ:

```html
<input name="pin" inputmode="numeric"
       autocomplete="postal-code" required>
<input name="mobile" type="tel"
       autocomplete="tel" required>
```

`inputmode` ಮೊಬೈಲಿನಲ್ಲಿ ಅಂಕಿಗಳ ಕೀಬೋರ್ಡನ್ನೇ ಎಬ್ಬಿಸುತ್ತದೆ. `autocomplete` ಇದ್ದರೆ ಫೋನಿನಲ್ಲಿ ಮೊದಲೇ ಉಳಿಸಿಟ್ಟ ವಿಳಾಸವನ್ನು ಬ್ರೌಸರ್ ಒಂದೇ ಸ್ಪರ್ಶಕ್ಕೆ ತುಂಬಿಸಿಕೊಡುತ್ತದೆ. ನಾವು ಕಡಿತ ಮಾಡಿದ ಯಾವ ಖಾನೆಗಿಂತಲೂ ಇದರಿಂದ ಆಗುವ ಉಳಿತಾಯ ದೊಡ್ಡದು. ಆರು ಅಕ್ಷರಕ್ಕೆ ಮಿತಿ ಹಾಕುವ `maxlength="6"` ಅನ್ನು ಇಲ್ಲಿ ಬೇಕೆಂದೇ ಹಾಕಿಲ್ಲ. ಹಾಕಿದರೆ, ವಾಟ್ಸ್‌ಆ್ಯಪ್‌ನಲ್ಲಿ ಅಮ್ಮ ಕಳುಹಿಸಿದ ‘571 201’ ಎಂಬುದನ್ನು ನಕಲಿಸಿ ಅಂಟಿಸಿದಾಗ ನಡುವಿನ ಖಾಲಿ ಜಾಗವೂ ಒಂದು ಅಕ್ಷರವಾಗಿ ಲೆಕ್ಕಕ್ಕೆ ಬಂದು ಕೊನೆಯ 1 ಕತ್ತರಿಸಿಹೋಗುತ್ತದೆ. ಬಂದದ್ದನ್ನು ಬರಮಾಡಿಕೊಂಡು, ಖಾಲಿ ಜಾಗಗಳನ್ನು ಆಮೇಲೆ ನಾವೇ ತೆಗೆಯುವುದು ಲೇಸು. ಮೊಬೈಲ್ ಸಂಖ್ಯೆಯ ಮುಂದೆ +91 ಅಥವಾ ಸೊನ್ನೆ ಹಾಕಿದವರಿಗೂ ಇದೇ ನ್ಯಾಯ.

ವೂಕಾಮರ್ಸ್ ಬಳಸುವವರಿಗೆ ಒಂದು ಮಾತು. `woocommerce_checkout_fields` ಮೂಲಕ ಖಾನೆ ತೆಗೆಯುವ ಸೂತ್ರಗಳು ಎಲ್ಲೆಡೆ ಸಿಗುತ್ತವೆ, ಆದರೆ ಅವು ಕೆಲಸ ಮಾಡುವುದು ಹಳೆಯ ಮಾದರಿಯ ಚೆಕ್‌ಔಟ್ ಪುಟದಲ್ಲಿ ಮಾತ್ರ. ಹೊಸ ಬ್ಲಾಕ್ ಮಾದರಿಯ ಪುಟಕ್ಕೆ ಆ ಸಾಲುಗಳನ್ನು ಹಾಕಿ, ಏಕೆ ಏನೂ ಬದಲಾಗಲಿಲ್ಲ ಎಂದು ನಾನು ಒಂದು ಮಧ್ಯಾಹ್ನವನ್ನೇ ಕಳೆದಿದ್ದೇನೆ.

ಹಣ ಹೋಯಿತು, ಆರ್ಡರ್ ಬರಲಿಲ್ಲ

ಪಾವತಿಯ ಆಯ್ಕೆಗಳನ್ನು ಹೆಚ್ಚಿಸಬೇಕೆಂದರೆ ಹದಿನೈದು ಲಾಂಛನಗಳ ಗೋಡೆ ಕಟ್ಟಬೇಕೆಂದಲ್ಲ. 600 ರೂಪಾಯಿಯ ಕಾಫಿ ಪುಡಿಗೆ ಮಾಸಿಕ ಕಂತಿನ ಆಯ್ಕೆ ತೋರಿಸುವುದು ತಮಾಷೆ. ಯುಪಿಐ, ಕಾರ್ಡ್, ನೆಟ್‌ ಬ್ಯಾಂಕಿಂಗ್, ಕೈಗೆ ತಲುಪಿದಾಗ ನಗದು: ನಾಲ್ಕು ಸಾಕು. ಬಳಸುವವರು ಹೆಚ್ಚಿರುವುದರಿಂದ ಯುಪಿಐ ಮೇಲೆ ಇರಬೇಕು. ಆದರೆ ಯುಪಿಐ ಇದೆ ಎಂಬುದಷ್ಟೇ ಸಾಲದು, ಯಾವ ರೂಪದಲ್ಲಿದೆ ಎಂಬುದು ಮುಖ್ಯ.

ನಮ್ಮ ಅಂಗಡಿಯ ಹಳೆಯ ಪುಟ ಕ್ಯೂಆರ್ ಚಿತ್ರ ತೋರಿಸುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ನೋಡುವವರಿಗೆ ಅದು ಸರಿ, ಪಕ್ಕದಲ್ಲಿರುವ ಫೋನ್ ಎತ್ತಿ ಸ್ಕ್ಯಾನ್ ಮಾಡುತ್ತಾರೆ. ಫೋನಿನಲ್ಲೇ ಕೊಳ್ಳುವವರು ತಮ್ಮ ಪರದೆಯನ್ನು ತಮ್ಮದೇ ಕ್ಯಾಮೆರಾದಿಂದ ಸ್ಕ್ಯಾನ್ ಮಾಡುವುದು ಹೇಗೆ? ಕನ್ನಡಿ ಹಿಡಿಯಬೇಕು. ಯುಪಿಐ ವಿಳಾಸ ಬರೆಸಿಕೊಂಡು ಆ್ಯಪ್‌ಗೆ ಕೋರಿಕೆ ಕಳುಹಿಸುವ ಇನ್ನೊಂದು ವಿಧಾನ ಹಿಂದೆ ವ್ಯಾಪಕವಾಗಿತ್ತು; ಅದರಲ್ಲಿ ಬರೆಯುವಾಗ ತಪ್ಪುವುದೂ ಇತ್ತು, ಸೂಚನೆ ತಡವಾಗಿ ಬರುವುದೂ ಇತ್ತು. ಫೋನಿನಲ್ಲಿ ಸರಿಯಾದದ್ದು ಆ್ಯಪ್ ಅನ್ನು ನೇರವಾಗಿ ತೆರೆಯುವ ಕೊಂಡಿ. ಅದು ಒಳಗೆ ಹೀಗಿರುತ್ತದೆ:

```
upi://pay?pa=shop@bank&pn=Shop&am=640.00&cu=INR&tr=ORD1047
```

ಯಾರಿಗೆ, ಎಷ್ಟು, ಯಾವ ಆರ್ಡರಿಗೆ ಎಂಬುದೆಲ್ಲ ಅದರಲ್ಲೇ ಇದೆ. ಗ್ರಾಹಕರು ಯುಪಿಐ ಪಿನ್ ಮಾತ್ರ ಒತ್ತಬೇಕು. ಇದನ್ನು ನಾವು ಕೈಯಿಂದ ಬರೆಯುವುದಿಲ್ಲ, ಗ್ರಾಹಕರ ಹಣವನ್ನು ಅಂಗಡಿಯ ಪರವಾಗಿ ಪಡೆದುಕೊಡುವ ಪಾವತಿ ಗೇಟ್‌ವೇ ಎಂಬ ಸೇವೆ ತಯಾರಿಸಿ ಕೊಡುತ್ತದೆ. ಅದರ ಸಂಯೋಜನೆಯಲ್ಲಿ ಈ ಬಗೆ ಚಾಲ್ತಿಯಲ್ಲಿದೆಯೇ ಎಂದು ನೋಡಿದರೆ ಸಾಕು.

ಈ ಸಲೀಸಾದ ದಾರಿಯಲ್ಲೇ ಅತಿ ದೊಡ್ಡ ಗುಂಡಿ ಇರುವುದು. ಒಂದು ಆರ್ಡರಿನ ಜೊತೆ ನಡೆದು ನೋಡೋಣ. ಸಂಜೆ ಏಳು ಗಂಟೆ, ತೋಟದ ಮನೆ, 640 ರೂಪಾಯಿಯ ಆರ್ಡರ್ 1047. ಗ್ರಾಹಕರು ಯುಪಿಐ ಒತ್ತುತ್ತಾರೆ, ಬ್ರೌಸರ್ ಹಿಂದೆ ಸರಿದು ಆ್ಯಪ್ ಮುಂದೆ ಬರುತ್ತದೆ. ಪಿನ್ ಹಾಕುತ್ತಾರೆ. ಬ್ಯಾಂಕಿನಿಂದ ಹಣ ಹೋಗುತ್ತದೆ. ಅಷ್ಟರಲ್ಲಿ ಸಿಗ್ನಲ್ ಹೋಗುತ್ತದೆ, ಅಥವಾ ಫೋನಿನಲ್ಲಿ ಮೆಮೊರಿ ಕಡಿಮೆಯೆಂದು ಅದು ಹಿಂದಿನ ಬ್ರೌಸರ್ ಪುಟವನ್ನೇ ಮುಚ್ಚಿಬಿಡುತ್ತದೆ. ಮರಳಿ ಬಂದರೆ ಬುಟ್ಟಿ ಇದ್ದಂತೆಯೇ ಇದೆ. ಖಾತೆ ಇದ್ದವರಾದರೆ ಲಾಗಿನ್ ಆಗಿ ‘ನನ್ನ ಆರ್ಡರ್‌ಗಳು’ ನೋಡಬಹುದಿತ್ತು. ಅತಿಥಿಗೆ ನೋಡಲು ಏನೂ ಇಲ್ಲ. ಆರ್ಡರ್ ಆಗಲಿಲ್ಲವೆಂದು ಮತ್ತೆ ಹಣ ಕೊಡುತ್ತಾರೆ. ಈಗ ಅಂಗಡಿಯ ಪಟ್ಟಿಯಲ್ಲಿ 1047 ‘ಪಾವತಿ ಬಾಕಿ’, 1048 ‘ಪಾವತಿಯಾಗಿದೆ’. ಗ್ರಾಹಕರ ಬ್ಯಾಂಕಿನಿಂದ ಹೋದದ್ದು 1,280 ರೂಪಾಯಿ.

ತಾಣವು ಹಣ ಬಂದ ಸುದ್ದಿಯನ್ನು ಬ್ರೌಸರ್ ತಂದು ಮುಟ್ಟಿಸಲಿ ಎಂದು ಕಾದದ್ದು ತಪ್ಪು. ಬ್ರೌಸರ್ ಸತ್ತರೆ ಸುದ್ದಿಯೂ ಸತ್ತಿತು. ಗೇಟ್‌ವೇಯ ಸರ್ವರ್ ನಮ್ಮ ಸರ್ವರಿಗೆ ನೇರವಾಗಿ ಸುದ್ದಿ ಕಳುಹಿಸುವ ವೆಬ್‌ಹುಕ್ ಎಂಬ ವ್ಯವಸ್ಥೆಯನ್ನು ಜೋಡಿಸಬೇಕು. ಗ್ರಾಹಕರ ಫೋನ್ ಆರಿ ಹೋಗಿದ್ದರೂ ಆರ್ಡರ್ ಖಚಿತವಾಗುತ್ತದೆ, ‘ಹಣ ಬಂದಿದೆ, ಆರ್ಡರ್ 1047’ ಎಂಬ ಸಂದೇಶ ಮೊಬೈಲಿಗೆ ಹೋಗುತ್ತದೆ. ಒಂದೇ ಸುದ್ದಿ ಎರಡು ಸಲ ಬರುವುದೂ ಉಂಟು, ಆದ್ದರಿಂದ ಆಗಲೇ ಖಚಿತವಾದ ಆರ್ಡರಿಗೆ ಮತ್ತೆ ಪುಡಿ ಕಟ್ಟದಂತೆ ನೋಡಿಕೊಳ್ಳಬೇಕು. ಮರಳಿ ಪ್ರಯತ್ನಿಸುವವರಿಗೆ ಹೊಸ ಆರ್ಡರ್ ಸೃಷ್ಟಿಸದೆ 1047ಕ್ಕೇ ಹಣ ಕಟ್ಟಿಸಿಕೊಳ್ಳಬೇಕು. ಆಗ ಎರಡು ಸಲ ಬಂದ ಹಣ ಒಂದೇ ಕಡೆ ಕಾಣಿಸಿ ಒಂದನ್ನು ಮರಳಿಸುವುದು ಸುಲಭ.

ಇದರಲ್ಲೂ ಒಂದು ಸೂಕ್ಷ್ಮವಿದೆ. ಹಣ ಬಾರದ ಆರ್ಡರನ್ನು ವೂಕಾಮರ್ಸ್ ಸಾಮಾನ್ಯವಾಗಿ 60 ನಿಮಿಷಕ್ಕೆ ರದ್ದು ಮಾಡುತ್ತದೆ. ಸುದ್ದಿ ಎಪ್ಪತ್ತನೇ ನಿಮಿಷಕ್ಕೆ ಬಂದರೆ ಹಣ ಇದೆ, ಆರ್ಡರ್ ಇಲ್ಲ. ರದ್ದು ಮಾಡುವ ಮೊದಲು ಗೇಟ್‌ವೇಯನ್ನು ಒಮ್ಮೆ ಕೇಳಿ ನೋಡುವಂತೆ ಮಾಡಿದ ಮೇಲೆ ಆ ದೂರುಗಳು ನಿಂತವು.

ಹಣ ಬ್ಯಾಂಕಿನಿಂದ ಹೋಗಿ ವ್ಯಾಪಾರಿಗೆ ಖಚಿತವಾಗದೆ ನಡುವೆ ಸಿಕ್ಕಿಕೊಂಡಿದ್ದರೆ, 2019ರ ಸೆಪ್ಟೆಂಬರಿನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನದ ನಂತರ ಐದು ದಿನಗಳೊಳಗೆ ಅದು ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಪಾವತಿ ವಿಫಲವಾದಾಗ ತೋರಿಸುವ ಪುಟದಲ್ಲಿ ‘ಏನೋ ತಪ್ಪಾಗಿದೆ’ ಎಂದು ಬರೆಯುವ ಬದಲು ಇದನ್ನೇ ಬರೆದೆವು. ಅಂಗಡಿಗೆ ಬರುತ್ತಿದ್ದ ಆತಂಕದ ಕರೆಗಳ ಧ್ವನಿ ಬದಲಾಯಿತು ಎಂದು ಮಾಲೀಕರು ಹೇಳುತ್ತಾರೆ.

ಕಾರ್ಡಿನವರ ಕಷ್ಟ ಬೇರೆ. 2022ರ ಅಕ್ಟೋಬರ್ 1ರಿಂದ ಅಂಗಡಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಗ್ರಾಹಕರ ಒಪ್ಪಿಗೆ ಪಡೆದು ಅದರ ಬದಲಿ ಟೋಕನ್ ಮಾತ್ರ ಇಟ್ಟುಕೊಳ್ಳಬಹುದು. ಅತಿಥಿಗಳು ಪ್ರತಿ ಸಲ 16 ಅಂಕಿ ಬರೆಯಬೇಕಾಗುವುದು ಇದರಿಂದ. ವಿದೇಶದಲ್ಲಿರುವ ಮಕ್ಕಳಿಗೆ ಇನ್ನೊಂದು ತೊಡಕು: ದುಬೈನಿಂದ ಮಗ ಹಣ ಕೊಡುತ್ತಾನೆ, ಅವನ ಸಂಖ್ಯೆ ಹತ್ತು ಅಂಕಿಯದ್ದಲ್ಲ, ಕಾರ್ಡೂ ಇಲ್ಲಿನದ್ದಲ್ಲ. ಗೇಟ್‌ವೇಯಲ್ಲಿ ವಿದೇಶಿ ಕಾರ್ಡುಗಳಿಗೆ ಬೇರೆಯಾಗಿ ಅನುಮತಿ ಪಡೆಯಬೇಕು. ಉಡುಗೊರೆಯ ಆರ್ಡರಿನಲ್ಲಿ ಕಳುಹಿಸುವವರ ಸಂಖ್ಯೆಗೆ ಹತ್ತಂಕಿಯ ಕಟ್ಟಳೆ ಹಾಕದೆ, ಪಡೆಯುವವರ ಸಂಖ್ಯೆಗೆ ಮಾತ್ರ ಹಾಕಬೇಕು. ಕೊರಿಯರಿನವನು ಕರೆ ಮಾಡುವುದು ಅಮ್ಮನಿಗೆ, ಮಗನಿಗಲ್ಲ.

ನಗದಿನ ಆಯ್ಕೆಯ ಬಗ್ಗೆ ಮಾಲೀಕರಿಗೂ ನನಗೂ ವಾದವಾಯಿತು. ಅದು ಇದ್ದರೆ ಮೊದಲ ಸಲ ಕೊಳ್ಳುವವರಿಗೆ ಧೈರ್ಯ ಎಂಬುದು ನಿಜ. ಆದರೆ ಹೀಗೆ ಲೆಕ್ಕ ಹಾಕಿ: ಒಂದು ಪೊಟ್ಟಣದಲ್ಲಿ ಉಳಿಯುವ ಲಾಭ 120 ರೂಪಾಯಿ, ಕೊರಿಯರಿಗೆ ಹೋಗುವಾಗ 80, ವಾಪಸು ಬರುವಾಗ 80 ಎಂದಿಟ್ಟುಕೊಳ್ಳೋಣ. ಬಾಗಿಲಲ್ಲಿ ‘ಬೇಡ’ ಎಂದ ಒಬ್ಬರು, ಕೊಂಡ ಒಬ್ಬರ ಲಾಭವನ್ನೂ ನುಂಗಿ ಇನ್ನೂ 40 ರೂಪಾಯಿ ಕೇಳುತ್ತಾರೆ. ನಗದನ್ನು ಸಣ್ಣ ಮೊತ್ತದ ಆರ್ಡರ್‌ಗಳಿಗೆ ಮಾತ್ರ ಇಟ್ಟು, ಕಟ್ಟುವ ಮೊದಲು ಅಂಗಡಿಯಿಂದ ಒಂದು ಕರೆ ಮಾಡುವುದೆಂದು ಒಪ್ಪಂದವಾಯಿತು. ದಿನಕ್ಕೆ ನೂರು ಆರ್ಡರ್ ಬರುವ ಅಂಗಡಿಗೆ ಈ ಕರೆಯ ಉಪಾಯ ನಡೆಯದು.

ಉಪಯೋಗವಾಯಿತೆಂದು ತಿಳಿಯುವುದು ಹೇಗೆ

ದೊಡ್ಡ ಕಂಪನಿಗಳು ಅರ್ಧ ಜನರಿಗೆ ಹಳೆಯ ಪುಟ, ಅರ್ಧ ಜನರಿಗೆ ಹೊಸ ಪುಟ ತೋರಿಸಿ ಹೋಲಿಸುತ್ತವೆ. ತಿಂಗಳಿಗೆ ಅರವತ್ತು ಆರ್ಡರ್ ಬರುವ ಅಂಗಡಿಯಲ್ಲಿ ಆ ಹೋಲಿಕೆ ಕವಡೆ ಹಾಕಿದಂತೆ. ಐದಾರು ಆರ್ಡರಿನ ಏರಿಳಿತ ತಾನಾಗಿಯೇ ಆಗುತ್ತಿರುತ್ತದೆ. ದಸರಾ ರಜೆಗೆ ಬಂದ ಪ್ರವಾಸಿಗರು ಮನೆಗೆ ಹೋಗಿ ಪುಡಿ ತರಿಸುವ ತಿಂಗಳನ್ನು ಜುಲೈ ಜೊತೆ ಹೋಲಿಸಿ ಹಿಗ್ಗುವುದೂ ತಪ್ಪು.

ನಾನು ಬೇರೆ ಗುರುತುಗಳನ್ನು ನೋಡಿದೆ. ವಿಳಾಸದ ಖಾನೆಗಳಲ್ಲಿ ಚುಕ್ಕಿ, ‘ಇಲ್ಲ’ ಎಂಬ ಬರಹಗಳು ನಿಂತವೇ? ಒಂದೇ ಮೊಬೈಲ್ ಸಂಖ್ಯೆಯಿಂದ ಹತ್ತು ನಿಮಿಷದೊಳಗೆ ಒಂದು ಬಾಕಿ, ಒಂದು ಪಾವತಿಯಾದ ಆರ್ಡರ್ ಜೊತೆಯಾಗಿ ಬರುವುದು ನಿಂತಿತೇ? ಇವು ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತವೆ, ಗಣಿತ ಬೇಕಿಲ್ಲ. ಆಮೇಲೆ ಐದು ಮಂದಿಯನ್ನು ಕೂರಿಸಿ ಅವರದ್ದೇ ಫೋನಿನಲ್ಲಿ ಕೊಳ್ಳಲು ಹೇಳಿ, ಬಾಯಿ ಮುಚ್ಚಿಕೊಂಡು ನೋಡಿದೆ. ಅವರಲ್ಲಿ ನನ್ನ ಅತ್ತೆಯೂ ಒಬ್ಬರು. ಪಿನ್ ಹಾಕಿದರು, ಊರು ಆರಿಸಿದರು, ಎಲ್ಲ ಸಲೀಸಾಗಿ ನಡೆದು ಒಟ್ಟು ಮೊತ್ತದ ಮುಂದೆ ನಿಂತರು. ‘ಪುಡಿ ಕಾಲು ಕಿಲೋ, ಸಾಗಣೆ ಇಷ್ಟಾ? ಬೇಡಪ್ಪ, ಪೇಟೆಗೆ ಹೋದಾಗ ತರುತ್ತೇನೆ’ ಎಂದು ಫೋನ್ ಕೆಳಗಿಟ್ಟರು.

ಖಾನೆ ಕಡಿಮೆ ಮಾಡಿ ಆ ತೊಂದರೆಯನ್ನು ನೀಗಿಸಲಾಗದು. ಮಾಲೀಕರು ಒಂದು ವಾರ ಯೋಚಿಸಿ ಕಾಲು ಕಿಲೋ ಪೊಟ್ಟಣವನ್ನು ಜಾಲತಾಣದಿಂದ ತೆಗೆದರು, ಒಂದು ಕಿಲೋ ಪುಡಿಯ ಬೆಲೆಯಲ್ಲೇ ಸಾಗಣೆಯನ್ನೂ ಸೇರಿಸಿದರು. ಅತ್ತೆ ಈಗಲೂ ಪೇಟೆಯಿಂದಲೇ ತರುತ್ತಾರೆ.